ಸಾದಾ ಕಾಟನ್ ಕುರ್ತಾದ ಫೋಟೊಗೆ ಯಾವ ವೇಲ್, ಹೇಗೆ ಹಾಕಬೇಕು?

ಸಾದಾ ಕುರ್ತಾದಲ್ಲಿ ಪ್ರಿಂಟೂ ಇಲ್ಲ, ಕಸೂತಿಯೂ ಇಲ್ಲ. ಹಾಗಾಗಿ ಫೋಟೊದಲ್ಲಿ ವೇಲ್ ಮಾಡುವ ತಪ್ಪು ಎದ್ದು ಕಾಣುತ್ತದೆ. ಕಡು ನೀಲಿ ಕುರ್ತಾ, ಕಿಟಕಿ ಬೆಳಕು, ಸೊಂಟದವರೆಗಿನ ಫೋಟೊ ಅಂತ ಇಟ್ಟುಕೊಳ್ಳೋಣ. ವೇಲ್‌ನ ತುದಿಯ ಕುಚ್ಚು ಇಲ್ಲಿ ಫೋಟೊಗೆ ಬರುವುದೇ ಇಲ್ಲ. ಅದನ್ನು ನೋಡಿ ಆರಿಸಬೇಡಿ, ಉದ್ದಕ್ಕೆ ಬರುವ ಅಂಚನ್ನು ನೋಡಿ.

ಇರುವ ವೇಲ್‌ಗಳನ್ನು ಕುರ್ತಾ ಮೇಲೆ ಹರಡಿ, ಅದೇ ಕಿಟಕಿಯ ಹತ್ತಿರ ಮೊಬೈಲಲ್ಲಿ ಫೋಟೊ ತೆಗೆಯಿರಿ. ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಮರೂನ್ ವೇಲ್ ಕಣ್ಣಿಗೆ ಬೇರೆ ಬಣ್ಣ, ಆದರೆ ಇಲ್ಲಿ ನೀಲಿ ಜೊತೆ ಸೇರಿ ಒಂದೇ ಕಪ್ಪು ಮುದ್ದೆಯಾಗುತ್ತದೆ. ಅಚ್ಚ ಬಿಳಿಯದ್ದು ಉಲ್ಟಾ: ಕಡು ಬಟ್ಟೆ ಕಾಣಲಿ ಅಂತ ಕ್ಯಾಮೆರಾ ಬೆಳಕು ಏರಿಸುತ್ತದೆ, ಬಿಳಿಯ ನೆರಿಗೆಗಳೆಲ್ಲ ಅಳಿಸಿಹೋಗುತ್ತವೆ. ಸಾಸಿವೆ ಹಳದಿ ಎರಡರ ನಡುವೆ ನಿಲ್ಲುತ್ತದೆ. ನಾನಾದರೆ ಅದನ್ನೇ ಆರಿಸುತ್ತೇನೆ. ತೀರಾ ಸಣ್ಣ ಗೆರೆ, ಚೌಕಳಿ ಬೇಡ. ಫೋಟೊದಲ್ಲಿ ಇಲ್ಲದ ಅಲೆಗಳು ಮೂಡಬಹುದು.

ಬಟ್ಟೆ ಮಲ್‌ಮಲ್ ಇರಲಿ. ಶಿಫಾನ್ ಜಾರುತ್ತದೆ. ಆರ್ಗಾಂಜಾ ಉಬ್ಬಿ ನಿಂತು ಭುಜವನ್ನು ಅಗಲ ಮಾಡುತ್ತದೆ.

ಹಳದಿಗೆ ಒಂದು ತೊಂದರೆ ಇದೆ. ಕುತ್ತಿಗೆ ಸುತ್ತ ಹಾಕಿದರೆ ಬೆಳಕು ಅದಕ್ಕೆ ಬಡಿದು ಗಲ್ಲದ ಕೆಳಗೆ ಹಳದಿ ಛಾಯೆ ಬೀಳುತ್ತದೆ. ಆದ್ದರಿಂದ ಒಂದೇ ಭುಜದ ಮೇಲೆ, ಅದೂ ಕಿಟಕಿಯಿಂದ ದೂರ ಇರುವ ಭುಜದ ಮೇಲೆ ಹಾಕಿ. ಆಗ ಮುಖಕ್ಕಿಂತ ವೇಲ್ ಜಾಸ್ತಿ ಹೊಳೆಯುವುದಿಲ್ಲ.

ನೆರಿಗೆಯನ್ನು ಮೈಮೇಲೆ ಹಿಡಿಯಬೇಡಿ, ಮೇಜಿನ ಮೇಲೆ ಹಿಡಿಯಿರಿ. ಅಗಲ 36 ಇಂಚು ಇದ್ದರೆ 4 ಇಂಚಿನಂತೆ ಹಿಂದೆ ಮುಂದೆ ಮಡಚಿ, 9 ಪದರ ಬರುತ್ತದೆ. ಅಂಚು ಮೇಲೆ ಬರಲಿ. ಭುಜದ ಮೇಲೆ ಕೂರುವ ಜಾಗಕ್ಕೆ ಕ್ಲಿಪ್ ಹಾಕಿ, ಉಳಿದದ್ದಕ್ಕೆ ಇಸ್ತ್ರಿ ಒತ್ತಿ. ಆಮೇಲೆ ಭುಜಕ್ಕಿಟ್ಟು, ಕುರ್ತಾದ ಒಳಗಿನಿಂದ ಭುಜದ ಹೊಲಿಗೆಗೇ ಸೇಫ್ಟಿ ಪಿನ್ ಚುಚ್ಚಿ. ಅಲ್ಲಿ ಬಟ್ಟೆ ಎರಡು ಮೂರು ಪದರ ಇರುವುದರಿಂದ ಭಾರ ತಡೆಯುತ್ತದೆ. ಪಿನ್ನು ಮೇಲಿನ ಪದರವನ್ನು ಹಿಡಿಯಬಾರದು. ಹಿಡಿದರೆ ಅಲ್ಲೊಂದು ಗುಳಿ ಬಿದ್ದು ನೆರಿಗೆಯೆಲ್ಲ ಅದರ ಕಡೆಗೆ ಎಳೆದಂತೆ ಕಾಣುತ್ತದೆ. ಕೊನೆಗೆ ಕ್ಲಿಪ್ ತೆಗೆಯಲು ಮರೆಯಬೇಡಿ, ಫೋಟೊಗಳಲ್ಲಿ ಅದು ಇಣುಕುವುದು ಹೊಸದೇನಲ್ಲ!

ಈಗ ಒಂದು ಫೋಟೊ ತೆಗೆದು ಕುರ್ತಾದ ಕತ್ತನ್ನು ದೊಡ್ಡದು ಮಾಡಿ ನೋಡಿ. ಕತ್ತು ವೇಲ್ ಕಡೆಗೆ ವಾಲಿದ್ದರೆ ಪಿನ್ನು ಕುತ್ತಿಗೆಗೆ ತೀರಾ ಹತ್ತಿರವಿದೆ. ಎರಡು ಬೆರಳಷ್ಟು ತೋಳಿನ ಕಡೆ ಸರಿಸಿ. ಭುಜದ ಹೊಲಿಗೆಯೇ ಬೆನ್ನ ಕಡೆಗೆ ಜರುಗಿದ್ದರೆ ಹಿಂದೆ ಭಾರ ಜಾಸ್ತಿಯಾಗಿದೆ. ಪಿನ್ನು ಬಿಚ್ಚಿ, ವೇಲನ್ನು ಒಂದು ಗೇಣು ಮುಂದಕ್ಕೆ ಎಳೆದು ಮತ್ತೆ ಹಾಕಿ.