ಶೇರ್ 360, ಕಾಮೆಂಟ್ ಬರೀ 12: ಪೋಸ್ಟಿನ ಲೆಕ್ಕ ಓದುವುದು ಹೇಗೆ?

ಊರಿನ ಫೇಸ್‌ಬುಕ್ ಪೇಜ್ ನಡೆಸುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಕಾಮೆಂಟನ್ನೂ ಶೇರನ್ನೂ ಕೂಡಿಸಿ, ಮೊತ್ತ ದೊಡ್ಡದಿದ್ದ ಪೋಸ್ಟೇ ಗೆದ್ದಿತು ಎಂದುಬಿಡುತ್ತಾರೆ. ಇವೆರಡೂ ಬೇರೆ ಬೇರೆ ಸಂಗತಿ ಹೇಳುತ್ತವೆ. ಕೂಡಿಸಿದರೆ ಎರಡೂ ಹೇಳುವುದಿಲ್ಲ.

ಶಿರಸಿಯ ಒಂದು ಸುದ್ದಿ ಪೇಜ್ ಇದೆ ಎಂದುಕೊಳ್ಳಿ. ಮಳೆಗಾಲದಲ್ಲಿ ಎರಡು ಪೋಸ್ಟ್ ಹಾಕಿದ್ದಾರೆ. ಮೊದಲನೆಯದು, ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದಿದೆ, ಕುಮಟಾಕ್ಕೆ ಹೋಗುವವರು ಯಲ್ಲಾಪುರ–ಅಂಕೋಲಾ ಮಾರ್ಗ ಹಿಡಿಯಿರಿ ಎಂಬುದು. ಎರಡನೆಯದು, ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕೇ ಎಂಬ ಪ್ರಶ್ನೆ. ಲೆಕ್ಕ ತೋರಿಸಲಿಕ್ಕೆ ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ: ಘಟ್ಟದ ಪೋಸ್ಟ್ 12,000 ಜನರಿಗೆ ತಲುಪಿದೆ, ಶೇರ್ 360, ಕಾಮೆಂಟ್ 12. ಜಿಲ್ಲೆಯ ಪೋಸ್ಟ್ 8,000 ಜನರಿಗೆ ತಲುಪಿದೆ, ಶೇರ್ 16, ಕಾಮೆಂಟ್ 320.

ಹಂತ 1: ಎರಡೂ ಪೋಸ್ಟಿನ ಅಂಕಿಯನ್ನು ಹಾಕಿದ 48 ಗಂಟೆಗೆ ಸರಿಯಾಗಿ ಬರೆದುಕೊಳ್ಳಿ. ಒಂದು ವಾರದ ಪೋಸ್ಟನ್ನು ನಿನ್ನೆಯದರ ಜೊತೆ ತೂಗಬೇಡಿ.

ಹಂತ 2: ಸಾವಿರಕ್ಕೆ ಎಷ್ಟು ಎಂದು ಇಳಿಸಿ. ಘಟ್ಟದ್ದು ಸಾವಿರಕ್ಕೆ 30 ಶೇರ್, 1 ಕಾಮೆಂಟ್. ಜಿಲ್ಲೆಯದ್ದು ಸಾವಿರಕ್ಕೆ 2 ಶೇರ್, 40 ಕಾಮೆಂಟ್. ಭಾಗಿಸಬೇಕಾದದ್ದು ತಲುಪಿದ ಜನರ ಸಂಖ್ಯೆಯಿಂದ, ವ್ಯೂಸ್‌ನಿಂದಲ್ಲ. ಒಬ್ಬರೇ ಮೂರು ಸಲ ನೋಡಿದರೆ ವ್ಯೂಸ್ ಮೂರಾಗುತ್ತದೆ. ‘ಎಂಗೇಜ್‌ಮೆಂಟ್ ರೇಟ್’ ಎಂಬ ಒಂದೇ ಅಂಕಿ ಕೊಡುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಇದೇ ಲೆಕ್ಕವನ್ನು ಅಂಥದಕ್ಕೆ ಕೊಟ್ಟರೆ ಘಟ್ಟಕ್ಕೆ ಶೇ 3.1, ಜಿಲ್ಲೆಗೆ ಶೇ 4.2 ಎನ್ನುತ್ತದೆ. ಅಂದರೆ ವಾದಕ್ಕೆ ಬಿದ್ದ ಪೋಸ್ಟೇ ಮೇಲು! ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬಸಾಲು ಎಳೆದರೆ ಸಾಕು.

ಹಂತ 3: ಕಾಮೆಂಟುಗಳನ್ನು ಬಿಟ್ಟು, ಕಾಮೆಂಟ್ ಮಾಡಿದ ಜನರನ್ನು ಎಣಿಸಿ. ಇಲ್ಲೇ ಎಲ್ಲರೂ ಸೋಮಾರಿತನ ಮಾಡುವುದು. ಫೇಸ್‌ಬುಕ್ ಮೊದಲು ತೋರಿಸುವುದು ತಾನೇ ಆರಿಸಿದ ಕೆಲವನ್ನು ಮಾತ್ರ, ಹಾಗಾಗಿ ‘All comments’ ಒತ್ತಿ, ಉತ್ತರಗಳನ್ನೆಲ್ಲ ಬಿಡಿಸಿ. ಪೇಜಿನವರೇ ಕೊಟ್ಟ ಉತ್ತರಗಳೂ ಲೆಕ್ಕದಲ್ಲಿ ಸೇರಿರುತ್ತವೆ. ಜಿಲ್ಲೆಯ ಪೋಸ್ಟಿನ 320ರಲ್ಲಿ ಅವು 20 ಇದ್ದರೆ ಕಳೆಯಿರಿ. ಉಳಿದ 300ರಲ್ಲಿ ಹೆಸರು ಎಣಿಸಿದಾಗ 56 ಜನ ಸಿಕ್ಕರು, ಅದರಲ್ಲಿ ಇಬ್ಬರೇ ಜಗಳಾಡುತ್ತ 90 ಬರೆದಿದ್ದರು ಎನ್ನೋಣ. ಆಗ ಸಾವಿರಕ್ಕೆ 40 ಎಂದು ಕಂಡದ್ದು ಸಾವಿರಕ್ಕೆ 7 ಜನ ಅಷ್ಟೇ. ಊರೆಲ್ಲ ಮಾತಾಡುತ್ತಿದೆ ಎಂದು ಇದರ ಮೇಲೆ ಹೇಳಲಾಗದು.

ಎಣಿಸುವಾಗಲೇ ಕಾಮೆಂಟಿನ ಜಾತಿಯನ್ನೂ ಬರೆದುಕೊಳ್ಳಿ: ವಾದ, ಪ್ರಶ್ನೆ, ಗೆಳೆಯನ ಹೆಸರು ಟ್ಯಾಗ್ ಮಾಡಿದ್ದು. ಗೋಕರ್ಣದ ಹೋಂಸ್ಟೇ ಪೋಸ್ಟಿಗೆ ಐವತ್ತು ಕಾಮೆಂಟ್ ಬಂದು, ನಲವತ್ತು ‘ರೇಟ್ ಎಷ್ಟು?’ ಎಂದಿದ್ದರೆ ಪೋಸ್ಟಿನಲ್ಲಿ ದರ ಬರೆಯಲು ಮರೆತಿದ್ದೀರಿ ಎಂದರ್ಥ. ಕಾಮೆಂಟ್ ಬರಲಿ ಎಂದೇ ದರ ಮುಚ್ಚಿಡುವವರೂ ಇದ್ದಾರೆ. ಆ ಅಂಕಿ ಓದಲು ಲಾಯಕ್ಕಿಲ್ಲ. ‘ಐದು ಜನರನ್ನು ಟ್ಯಾಗ್ ಮಾಡಿ’ ಎಂದು ಗೋಗರೆಯುವ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರಲ್ಲೇ ಹೇಳಿದೆ.

ಹಂತ 4: ಶೇರ್ ಎಲ್ಲಿಗೆ ಹೋಯಿತು ನೋಡಿ. ಘಟ್ಟ ಬಂದ್ ಆದದ್ದರಲ್ಲಿ ವಾದಿಸುವಂಥದ್ದು ಏನೂ ಇಲ್ಲ. ಬೆಂಗಳೂರಿನಿಂದ ಹೊರಟ ಮಗನಿಗೆ, ಮನೆಯ ಗ್ರೂಪಿಗೆ ಕಳಿಸಿದರೆ ಕೆಲಸ ಮುಗಿಯಿತು. ಅದಕ್ಕೇ ಕಾಮೆಂಟ್ 12. ಇನ್ನೊಂದು ಕಾರಣವೂ ಇದೆ: ಯಾರಾದರೂ ತಮ್ಮ ಗೋಡೆಗೋ ಊರಿನ ಗ್ರೂಪಿಗೋ ಶೇರ್ ಮಾಡಿದರೆ ಮುಂದಿನ ಮಾತುಕತೆ ಆ ಪ್ರತಿಯ ಕೆಳಗೆ ನಡೆಯುತ್ತದೆ, ನಿಮ್ಮ ಪೋಸ್ಟಿನ ಕೆಳಗಲ್ಲ. ಶೇರ್ ಸಂಖ್ಯೆಯ ಮೇಲೆ ಒತ್ತಿದರೆ ಪಟ್ಟಿ ಬರುತ್ತದೆ. 360ರ ಜಾಗದಲ್ಲಿ ನಲವತ್ತೋ ಐವತ್ತೋ ಕಂಡರೆ ಗಾಬರಿ ಬೇಡ, ಉಳಿದವರು ತಮ್ಮವರಿಗಷ್ಟೇ ಕಾಣುವಂತೆ ಹಂಚಿದ್ದಾರೆ. ಕಂಡಷ್ಟನ್ನು ತೆರೆದು ಮೇಲೆ ಏನು ಬರೆದಿದ್ದಾರೆ ಓದಿ. ‘ಇವರಿಗೆ ಬೇರೆ ಕೆಲಸ ಇಲ್ಲ’ ಎಂದು ಗೇಲಿ ಮಾಡಿ ಹಂಚಿದ್ದೂ ಶೇರೇ.

ವಾಟ್ಸ್‌ಆ್ಯಪ್‌ಗೆ ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಕಡೆ ರಸ್ತೆ ಸುದ್ದಿ ಓಡುವುದು ಹಾಗೆಯೇ, ಆದ್ದರಿಂದ 360 ಎಂದರೆ ‘ಕಡಿಮೆಯೆಂದರೂ 360’.

ಹಂತ 5: ಶೇರ್ ಹೆಚ್ಚಿರುವ ಪೋಸ್ಟನ್ನು ಮರುದಿನ ಮತ್ತೆ ತೆರೆಯಿರಿ. ಸಂಜೆಯೇ ಮಣ್ಣು ತೆಗೆದು ಘಟ್ಟ ಬಿಟ್ಟಿದ್ದರೂ ಬೆಳಿಗ್ಗೆ ಶೇರ್ ಏರುತ್ತಲೇ ಇದ್ದರೆ ಹಳೆಯ ಸುದ್ದಿ ಜನರನ್ನು ಸುತ್ತಾಡಿಸುತ್ತಿದೆ ಎಂದು ತಿಳಿಯಿರಿ. ಹೊಸ ಪೋಸ್ಟ್ ಹಾಕಿ ಸುಮ್ಮನಾಗಬೇಡಿ. ಹಳೆಯದನ್ನೇ ಎಡಿಟ್ ಮಾಡಿ, ಮೊದಲ ಸಾಲಿನಲ್ಲೇ ‘ರಸ್ತೆ ತೆರೆದಿದೆ’ ಎಂದು ದಿನಾಂಕ, ಗಂಟೆ ಸಮೇತ ಬರೆಯಿರಿ. ಶೇರ್ ಆದ ಪ್ರತಿಗಳಲ್ಲೂ ಅದು ಬದಲಾಗುತ್ತದೆ. ಸ್ಕ್ರೀನ್‌ಶಾಟ್ ಮಾತ್ರ ಬದಲಾಗದು. ಅದಕ್ಕಾಗಿ ಮೊದಲೇ ಫೋಟೊದ ಮೇಲೆಯೇ ದಿನಾಂಕ, ಗಂಟೆ ದೊಡ್ಡದಾಗಿ ಹಾಕಿರಬೇಕು. ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ಕಳಿಸುತ್ತಾರೆ, ನಡುವಿನಲ್ಲೇ ಹಾಕಿ.