ಕೊನೆಯ ಇಂಜೆಕ್ಷನ್ ಯಾವತ್ತು? ಎಣಿಕೆ ಅಲ್ಲಿಂದ ಶುರು

ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ‘ಅಂತರ’ ಇಂಜೆಕ್ಷನ್ ಬಿಟ್ಟು ಮಗುವಿಗೆ ಕಾಯುತ್ತಿರುವವರು ಮೊದಲು ತಮ್ಮ ಕಾರ್ಡ್ ತೆಗೆದು ನೋಡಿ. ಕೊನೆಯ ಸೂಜಿ ಹಾಕಿಸಿಕೊಂಡ ತಾರೀಕು ಅದರಲ್ಲಿರುತ್ತದೆ. ಲೆಕ್ಕ ಅಲ್ಲಿಂದಲೇ ಹಿಡಿಯಬೇಕು.

ಜನವರಿ 10ಕ್ಕೆ ಕೊನೆಯ ಸೂಜಿ ಆಯಿತು ಅಂದುಕೊಳ್ಳಿ. ಏಪ್ರಿಲ್ 10ಕ್ಕೆ ಮುಂದಿನದು ಇತ್ತು, ಹೋಗಲಿಲ್ಲ. ಸಾಮಾನ್ಯವಾಗಿ ಕೊನೆಯ ಸೂಜಿಯಿಂದ 7ರಿಂದ 10 ತಿಂಗಳಿಗೆ ಗರ್ಭ ನಿಲ್ಲುವ ಸಾಧ್ಯತೆ ಮರಳುತ್ತದೆ. ಅಂದರೆ ಆಗಸ್ಟ್‌ನಿಂದ ನವೆಂಬರ್. ಕೆಲವರಿಗೆ ಇನ್ನೂ ತಡ. ಜೂನ್‌ನಲ್ಲೇ ‘ಏನೋ ತೊಂದರೆ ಆಗಿದೆ’ ಅಂತ ಸ್ಕ್ಯಾನಿಂಗ್‌ಗೆ ಓಡುವ ಅಗತ್ಯ ಇಲ್ಲ.

ಇಷ್ಟು ತಡ ಯಾಕೆ? ಈ ಔಷಧ ಸಣ್ಣ ಹರಳುಗಳ ರೂಪದಲ್ಲಿ ಸ್ನಾಯುವಿನಲ್ಲಿ ಕೂತು, ದಿನಾ ಸ್ವಲ್ಪ ಸ್ವಲ್ಪ ಕರಗಿ ರಕ್ತಕ್ಕೆ ಸೇರುತ್ತದೆ. 3 ತಿಂಗಳು ರಕ್ಷಣೆ ಖಾತ್ರಿಯಾಗಿ ಸಿಗಬೇಕಲ್ವಾ, ಹಾಗಾಗಿ ಪ್ರಮಾಣವೂ ತುಸು ಜಾಸ್ತಿಯೇ. ಆಮೇಲೂ ಉಳಿಕೆ ಇರುತ್ತದೆ. ಅದು ಸಾಕಷ್ಟು ಕಡಿಮೆಯಾಗುವವರೆಗೆ ಅಂಡಾಶಯ ಅಂಡಾಣು ಬಿಡುವುದಿಲ್ಲ. ಹಾಕಿದ ಮದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಎಲ್ಲರ ಮೈಯಲ್ಲೂ ಅದು ಒಂದೇ ವೇಗದಲ್ಲಿ ಕರಗುವುದೂ ಇಲ್ಲ. ಎಷ್ಟು ಸೂಜಿ ಹಾಕಿಸಿಕೊಂಡಿರಿ ಎನ್ನುವುದರಿಂದ ಮಾತ್ರ ಹೆಚ್ಚು ವ್ಯತ್ಯಾಸವಾಗದು. ‘ನಾಲ್ಕು ವರ್ಷ ತಗೊಂಡೆ, ನಾಲ್ಕು ವರ್ಷ ಕಾಯಬೇಕು’ ಎನ್ನುವುದು ಸುಮ್ನೆ ಮಾತು.

ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಂಡವರ ಕಥೆ ಬೇರೆ. ಅದರಲ್ಲಿ ಹಾರ್ಮೋನೇ ಇಲ್ಲ. ಅಂಡಾಣು ತಿಂಗಳು ತಿಂಗಳೂ ಬರುತ್ತಲೇ ಇರುತ್ತದೆ, ತಾಮ್ರ ವೀರ್ಯಾಣುವನ್ನು ತಡೆಯುತ್ತದೆ ಅಷ್ಟೆ. ತೆಗೆಸಿದ ತಿಂಗಳೇ ಗರ್ಭ ನಿಲ್ಲಬಹುದು.

ಮಾಲಾ-ಎನ್‌ನಂಥ ಮಾತ್ರೆಗಳ ಹಾರ್ಮೋನು ಕೆಲವೇ ದಿನಗಳಲ್ಲಿ ಮೈಯಿಂದ ಹೋಗುತ್ತದೆ. ಹೆಚ್ಚಿನವರಿಗೆ 3 ತಿಂಗಳೊಳಗೆ ಮುಟ್ಟು ಮರಳುತ್ತದೆ. ಇಲ್ಲೊಂದು ಮೋಸ ಇದೆ: ಮಾತ್ರೆ ನುಂಗುವಾಗ ತಿಂಗಳಿಗೆ ಸರಿಯಾಗಿ ಆಗುತ್ತಿದ್ದುದು ನಿಜವಾದ ಮುಟ್ಟಲ್ಲ, ಹಾರ್ಮೋನು ನಿಂತಾಗ ಬರುವ ರಕ್ತಸ್ರಾವ. ಮುಟ್ಟನ್ನು ಏರುಪೇರು ಮಾಡುವ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಮೊದಲೇ ಇದ್ದರೂ ಅದರಡಿ ಮುಚ್ಚಿಹೋಗಿರುತ್ತದೆ. ಬಿಟ್ಟ ಮೇಲೆ ಮುಟ್ಟು ಏರುಪೇರಾದರೆ ಬೈಗುಳ ಮಾತ್ರೆಗೆ!

ಮಾತ್ರೆ ಬಿಟ್ಟು 3 ತಿಂಗಳಾದರೂ ಮುಟ್ಟಾಗದಿದ್ದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ನೆಗೆಟಿವ್ ಬಂದರೆ ಡಾಕ್ಟರನ್ನು ನೋಡಿ. ಇಂಜೆಕ್ಷನ್ ಬಿಟ್ಟವರು ಕೊನೆಯ ಸೂಜಿಯಿಂದ ಒಂದು ವರ್ಷ ಕಳೆದರೂ ಮುಟ್ಟಾಗದಿದ್ದರೆ ಹೋಗಿ. 35 ದಾಟಿದವರು ಇಷ್ಟು ದಿನ ಕಾಯದೆ ಮೊದಲೇ ಕೇಳುವುದು ಒಳ್ಳೆಯದು, ಏಕೆಂದರೆ ಆ ವಯಸ್ಸಿಗೆ ತಡವಾಗಲು ವಯಸ್ಸೇ ಕಾರಣ ಇರಬಹುದು.

ಇನ್ನು ಇಂಜೆಕ್ಷನ್ ಬಿಟ್ಟು, ಸದ್ಯ ಮಗು ಬೇಡ ಎನ್ನುವವರು ಈ 7–10 ತಿಂಗಳ ಲೆಕ್ಕ ನಂಬಿ ಕೂರಬೇಡಿ. ಮುಟ್ಟು ಬರುವ ಸುಮಾರು ಎರಡು ವಾರ ಮುಂಚೆಯೇ ಅಂಡಾಣು ಬಿಡುಗಡೆಯಾಗಿರುತ್ತದೆ. ಏಪ್ರಿಲ್ 10ರ ಸೂಜಿ ತಪ್ಪಿದರೆ ಅಂದಿನಿಂದಲೇ ನಿರೋಧ್ ಬಳಸಿ.