ಕುಚ್ಚಿನ ಅಕೌಂಟನ್ನು ಪ್ರೈವೇಟ್ ಮಾಡಿದ ಮೇಲೂ ಆರ್ಡರ್ ನಿಲ್ಲಲಿಲ್ಲ: ನನ್ನ ಅನುಭವ

ಸೀರೆ ಕುಚ್ಚು ಹಾಕುವವರು ಇನ್‌ಸ್ಟಾಗ್ರಾಂ ಅಕೌಂಟನ್ನು ಪ್ರೈವೇಟ್ ಮಾಡಿದರೆ ವ್ಯಾಪಾರ ಮುಗೀತು ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. "ಬೋರ್ಡು ಹಾಕಿ ಶಟರ್ ಎಳೆದ ಹಾಗಾಯ್ತಲ್ಲ ಅಕ್ಕಾ" ಅಂದವರೂ ಇದ್ದಾರೆ. ಈಗ ಹೆಚ್ಚುಕಡಿಮೆ ಒಂದೂವರೆ ವರ್ಷ ಆಯಿತು. ಶಟರ್ ಎಳೆದೇ ಇದೆ, ಸೀರೆ ಮಾತ್ರ ಮಂಚದ ಮೇಲೆ ರಾಶಿ ಬಿದ್ದಿದೆ. ಅವತ್ತು ನಕ್ಕವರಲ್ಲೇ ಕೆಲವರು ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆಯುತ್ತಿದ್ದೇನೆ.

ನಾನಿರುವುದು ತುಮಕೂರು. ಬೇಬಿ ಕುಚ್ಚಾದರೆ ದಿನಕ್ಕೆ ಮೂರು ಸೀರೆ, ಕ್ರೋಷಾ ಆದರೆ ಒಂದು ಅಥವಾ ಒಂದೂವರೆ. ನನ್ನ ಕೈಯಲ್ಲಿ ಆಗುವುದೇ ಅಷ್ಟು. ಆಗ ನನ್ನ ಅಕೌಂಟಿಗೆ ನಾಲ್ಕು ಸಾವಿರದ ಹತ್ತಿರ ಫಾಲೋವರ್ಸ್ ಇದ್ದರು. ಅದರಲ್ಲಿ ಸೀರೆ ಕೊಟ್ಟವರು ಇನ್ನೂರು ಇದ್ದರೆ ಹೆಚ್ಚು. ಉಳಿದವರಲ್ಲಿ ನನ್ನ ಫೋಟೋ ಎತ್ತಿಕೊಂಡು ಹೋಗಿ ತಮ್ಮ ಕೆಲಸ ಅಂತ ಹಾಕುವ ರೀಸೆಲ್ಲರ್‌ಗಳಿದ್ದರು, ರಾತ್ರಿ ಹನ್ನೊಂದಕ್ಕೆ "ಹಾಯ್ ಡಿಯರ್" ಅನ್ನುವವರಿದ್ದರು, ಲಾಟರಿ ಆಫರ್ ಪೋಸ್ಟಿಗೆ ಇಪ್ಪತ್ತು ಜನರ ಜೊತೆ ನನ್ನನ್ನೂ ಟ್ಯಾಗ್ ಮಾಡುವವರಿದ್ದರು.

ಮೊದಲು ಮಾಡಿದ್ದು ಬ್ಲಾಕ್. ಒಂದನ್ನು ಬ್ಲಾಕ್ ಮಾಡಿದರೆ ಅದೇ ಫೋಟೋ, ಅದೇ ಮಾತು, ಬೇರೆ ಹೆಸರಲ್ಲಿ ಬರುತ್ತಿತ್ತು. ಬ್ಲಾಕ್ ಮಾಡುವಾಗ ಆ ವ್ಯಕ್ತಿಯ ಇತರ ಅಕೌಂಟು, ಮುಂದೆ ತೆರೆಯುವ ಅಕೌಂಟು ಎಲ್ಲ ಸೇರಿಸಿ ತಡೆಯುವ ಆಯ್ಕೆ ಇದೆ. ಅದನ್ನೇ ಒತ್ತಿ. ಆದರೆ ಬೇರೆ ನಂಬರ್, ಬೇರೆ ಫೋನಿಂದ ಬಂದವನನ್ನು ಅದು ಹಿಡಿಯುತ್ತದೆ ಅಂತ ಹೇಳಲಾಗದು. ಇನ್ನೊಂದು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ನಾಲ್ಕು ಸಾವಿರ ರೂಪಾಯಿ ಸುರಿದು ಪೋಸ್ಟ್ ಬೂಸ್ಟ್ ಮಾಡಿಸಿದೆ. ಲೈಕ್ ಬಂದವು, ಸೀರೆ ಬಂದಿದ್ದು ಐದೋ ಆರೋ. "ಹಾಯ್ ಡಿಯರ್" ಮಾತ್ರ ದುಪ್ಪಟ್ಟಾಯಿತು. ನನ್ನ ಕೈಗೆ ಆಗುವಷ್ಟು ಕೆಲಸ ತುಮಕೂರು, ತಿಪಟೂರು, ಬೆಂಗಳೂರಿನ ನೆಂಟರಿಷ್ಟರಿಂದಲೇ ಬರುತ್ತಿರುವಾಗ ಊರಿಗೆಲ್ಲ ಯಾಕೆ ತೋರಿಸಬೇಕು ಅಂತ ಅನ್ನಿಸಿದ್ದು ಆಗಲೇ.

ಪ್ರೈವೇಟ್ ಮಾಡಲು ಹೋದರೆ ಮೊದಲ ಅಡ್ಡಿ: ಬಿಸಿನೆಸ್ ಅಕೌಂಟನ್ನು ಪ್ರೈವೇಟ್ ಮಾಡಲು ಬರುವುದಿಲ್ಲ. `Account privacy` ಒಳಗೆ ಹೋಗಿ ಎಷ್ಟು ಒತ್ತಿದರೂ ಆಗದೆ ತಲೆ ಕೆಡಿಸಿಕೊಳ್ಳುವವರು ಇದಕ್ಕೇ. ಮೊದಲು `Switch to personal account` ಮಾಡಿ, ಆಮೇಲೆ `Private account` ಆನ್ ಮಾಡಬೇಕು. ಪರ್ಸನಲ್ ಆದ ಕೂಡಲೇ ಇನ್‌ಸೈಟ್ಸ್ ಹೋಗುತ್ತವೆ, ಬೂಸ್ಟ್ ಮಾಡಲು ಆಗುವುದಿಲ್ಲ, ಪ್ರೊಫೈಲಿನಲ್ಲಿದ್ದ ಕಾಲ್ ಬಟನ್ ಕೂಡ ಇರುವುದಿಲ್ಲ. ಯಾವ ಪೋಸ್ಟ್ ಎಷ್ಟು ಜನಕ್ಕೆ ಹೋಗಿತ್ತು ಅಂತ ಮುಂದೆ ಬೇಕಾದರೆ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬಿಸಿನೆಸ್‌ಗೆ ಸಿಗದ ಸಿನಿಮಾ ಹಾಡುಗಳು ರೀಲ್ಸ್‌ಗೆ ಮತ್ತೆ ಸಿಗುತ್ತವೆ, ಅದೊಂದು ಲಾಭ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಪ್ರೈವೇಟ್ ಅಂದರೆ ಪೋಸ್ಟ್ ಮತ್ತು ಸ್ಟೋರಿಯನ್ನು ಹೊರಗಿನವರು ನೋಡದಂತೆ ಮಾಡುವುದು, ಅಷ್ಟೇ. ಈಗಾಗಲೇ ಫಾಲೋ ಮಾಡುತ್ತಿರುವವರು ಹಾಗೇ ಒಳಗೆ ಇರುತ್ತಾರೆ. ಹೊರಗಿನವರು ಮೆಸೇಜ್ ರಿಕ್ವೆಸ್ಟ್ ಕಳಿಸಬಹುದು, ಟ್ಯಾಗ್ ಮಾಡಬಹುದು. ಪ್ರೊಫೈಲ್ ಫೋಟೋ, ಹೆಸರು, ಬಯೋ ಎಲ್ಲರಿಗೂ ಕಾಣುತ್ತವೆ. ಒಂದೊಂದನ್ನೂ ಬೇರೆ ಬೇರೆಯಾಗಿ ಮುಚ್ಚಬೇಕು.

ಹಳೆಯ ಫಾಲೋವರ್ಸ್ ತೆಗೆಯುವುದೇ ಬೇಸರದ ಕೆಲಸ. ಒಬ್ಬರ ಹೆಸರಿನ ಮುಂದೆ `Remove` ಒತ್ತಿದರೆ ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ, ಜಗಳಕ್ಕೆ ದಾರಿಯಿಲ್ಲ. ಆದರೆ ಒಂದೇ ಉಸಿರಿಗೆ ನೂರಾರು ಜನರನ್ನು ತೆಗೆಯುತ್ತಾ ಹೋದರೆ ನಡುವೆ ತಡೆ ಬೀಳುತ್ತದೆ, ಸ್ವಲ್ಪ ಹೊತ್ತು ಕಾಯಬೇಕು. ಮೊಬೈಲ್ ಅಂಗಡಿಯ ಹುಡುಗನೊಬ್ಬ "ಪಾಸ್‌ವರ್ಡ್ ಕೊಡಿ ಆಂಟಿ, ಸಾವಿರದೈನೂರಕ್ಕೆ ಎಲ್ಲ ಕ್ಲೀನ್ ಮಾಡ್ತೀನಿ" ಅಂದ. ಪಾಸ್‌ವರ್ಡ್ ಕೊಟ್ಟಮೇಲೆ ಅಕೌಂಟೇ ಅವನದು, ಸುಮ್ನೆ ಬಂದೆ. ಸಂಜೆ ಟಿವಿ ನೋಡುತ್ತಾ ಸ್ವಲ್ಪ ಸ್ವಲ್ಪ ತೆಗೆದೆ. ಒಂದೂ ಪೋಸ್ಟ್ ಇಲ್ಲದೆ ಸಾವಿರಾರು ಜನರನ್ನು ಫಾಲೋ ಮಾಡುವವರು ಮೊದಲು ಹೋದರು. ಕೊನೆಗೆ ಉಳಿದವರು ಒಂಬೈನೂರರ ಆಸುಪಾಸು.

ಮೊದಲ ಎರಡು ತಿಂಗಳು ಹೊಡೆತ ಬಿತ್ತು, ಸುಳ್ಳು ಯಾಕೆ ಹೇಳಲಿ. ತಿಂಗಳಿಗೆ ಮೂವತ್ತೈದು ಸೀರೆ ಬರುತ್ತಿದ್ದದ್ದು ಇಪ್ಪತ್ತಕ್ಕೆ ಇಳಿಯಿತು. ಸರಾಸರಿ ಐನೂರು ರೂಪಾಯಿ ಅಂದರೂ ತಿಂಗಳಿಗೆ ಏಳೆಂಟು ಸಾವಿರ ಹೋಯಿತು. ಮನೆಯಲ್ಲಿ ಯಜಮಾನರು "ಮತ್ತೆ ಓಪನ್ ಮಾಡು" ಅಂತ ಶುರು ಮಾಡಿದರು. ಆದರೆ ಹಬ್ಬದ ಹೊತ್ತಿಗೆ ಚಿತ್ರ ಬದಲಾಯಿತು. ಒಬ್ಬ ಗಿರಾಕಿ ನನ್ನ ಡಿಸೈನನ್ನು ಅತ್ತಿಗೆಗೆ ಕಳಿಸಿದಾಗ, ಅತ್ತಿಗೆ ಫಾಲೋ ಮಾಡದಿದ್ದರೆ ಆ ಪೋಸ್ಟ್ ಅವರಿಗೆ ತೆರೆಯುವುದಿಲ್ಲ. ನೋಡಲೇಬೇಕು ಅನ್ನುವವರು ರಿಕ್ವೆಸ್ಟ್ ಕಳಿಸುತ್ತಾರೆ. ಹೀಗೆ ಬಂದವರು ಯಾರದೋ ಪರಿಚಯ ಹೇಳಿಕೊಂಡೇ ಬರುತ್ತಾರೆ, ಚೌಕಾಸಿ ಕಡಿಮೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವವರನ್ನು ಮಾತ್ರ ಯಾವ ಸೆಟ್ಟಿಂಗೂ ತಡೆಯದು. ಅದಕ್ಕೇ ನಾನು ಫೋಟೋದಲ್ಲಿ ಕುಚ್ಚಿನ ಗಂಟಿನ ಮೇಲೇ ಹೆಸರು ಬರುವಂತೆ ಹಾಕುತ್ತೇನೆ, ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ಹಾಕುತ್ತಾರೆ.

ಮೆಸೇಜ್ ವಿಷಯದಲ್ಲಿ ಸುಮಾರು ಆಟ ಆಡಿದೆ. ಮೊದಲು `Message controls` ಒಳಗೆ ಎಲ್ಲವನ್ನೂ ಮುಚ್ಚಿದೆ. ನೆಮ್ಮದಿ ಬಂತು, ಆರ್ಡರ್ ಪೂರ್ತಿ ನಿಂತಿತು. ಆಮೇಲೆ ಫಾಲೋವರ್ಸ್‌ಗೆ ಮಾತ್ರ ರಿಕ್ವೆಸ್ಟ್ ಕಳಿಸಲು ಬಿಟ್ಟು, ಉಳಿದವರಿಗೆ ಬಂದ್ ಮಾಡಿದೆ. ಬಯೋದಲ್ಲಿ "ಮೊದಲು ಫಾಲೋ ರಿಕ್ವೆಸ್ಟ್ ಕಳಿಸಿ, ಕೆಳಗಿನ ಫಾರ್ಮ್ ತುಂಬಿ" ಅಂತ ಬರೆದು ಗೂಗಲ್ ಫಾರ್ಮಿನ ಲಿಂಕ್ ಕೊಟ್ಟೆ. ಪ್ರೈವೇಟ್ ಅಕೌಂಟಿನಲ್ಲೂ ಬಯೋ ಲಿಂಕ್ ಕಾಣುತ್ತದೆ. ಫಾರ್ಮಿಗೆ ದುಡ್ಡಿಲ್ಲ. ಊರು, ಯಾವ ಫಂಕ್ಷನ್, ಯಾವ ತಾರೀಕಿಗೆ ಬೇಕು, ಸೀರೆ ರೇಷ್ಮೆಯೋ ಕಾಟನ್ನೋ ಅಂತ ಕೇಳುತ್ತೇನೆ. ಇನ್ನೊಂದು ಪ್ರಶ್ನೆ ಇದೆ, ಅದಕ್ಕೆ ಬರುವ ಉತ್ತರ ನೋಡಿದರೆ ರೀಸೆಲ್ಲರ್ ಯಾರು, ಸೀರೆ ಉಡುವವರು ಯಾರು ಗೊತ್ತಾಗಿಬಿಡುತ್ತದೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ. ಹಾಗೇ ಯಾರು ಬೇಕಾದರೂ ನಿಮ್ಮನ್ನು ಗ್ರೂಪಿಗೆ ಸೇರಿಸುವುದನ್ನೂ ನಿಲ್ಲಿಸಿ, ಆಯ್ಕೆ ಅದೇ ಜಾಗದ ಹತ್ತಿರದಲ್ಲಿದೆ.

ಟ್ಯಾಗ್‌ನಲ್ಲಿ `Manually approve tags` ಆನ್ ಮಾಡಿದರೆ ಸಾಕು ಅನ್ನುತ್ತಾರೆ. ಸಾಕಾಗಲ್ಲ. ನೀವು ಒಪ್ಪುವವರೆಗೆ ಅದು ನಿಮ್ಮ ಪ್ರೊಫೈಲಿನಲ್ಲಿ ಬರುವುದಿಲ್ಲ ಅಷ್ಟೇ, ಅವರ ಪೋಸ್ಟ್ ಅಲ್ಲಿ ಇದ್ದೇ ಇರುತ್ತದೆ. ನನಗೆ ಬೇಕಾಗಿದ್ದು ಲಾಟರಿ ಪೋಸ್ಟಿನಲ್ಲಿ ನನ್ನ ಹೆಸರೇ ಬರದಿರುವುದು. ಹಾಗಾಗಿ ಟ್ಯಾಗ್ ಮತ್ತು ಮೆನ್ಷನ್ ಎರಡನ್ನೂ ನಾನು ಫಾಲೋ ಮಾಡುವವರಿಗೆ ಮಾತ್ರ ಬಿಟ್ಟೆ. ಮಾರನೇ ವಾರ ಒಬ್ಬ ಗಿರಾಕಿ ಫೋನ್ ಮಾಡಿದರು: "ಅಕ್ಕಾ, ಮದುವೆ ಫೋಟೋ ಹಾಕ್ತಿದೀನಿ, ನಿಮ್ಮನ್ನ ಟ್ಯಾಗ್ ಮಾಡೋಕೇ ಬಿಡ್ತಿಲ್ಲ!" ಹೌದು, ಅವರನ್ನು ನಾನು ಫಾಲೋ ಮಾಡುತ್ತಿರಲಿಲ್ಲ. ಈಗ ಸೀರೆ ಕೊಡುವ ದಿನವೇ ಗಿರಾಕಿಯನ್ನು ಫಾಲೋ ಮಾಡುತ್ತೇನೆ. ಅವರ ಅಕೌಂಟ್ ಪಬ್ಲಿಕ್ ಇದ್ದರೆ ಆ ಫೋಟೋ ಎಲ್ಲರಿಗೂ ಕಾಣುತ್ತದೆ, ನನ್ನ ಹೆಸರೂ ಕಾಣುತ್ತದೆ. ನಾಲ್ಕು ಸಾವಿರದ ಬೂಸ್ಟ್ ಮಾಡದ ಕೆಲಸ ಇದು ಮಾಡಿತು.

ಕಾಮೆಂಟ್‌ಗೆ ಬಂದರೆ, ಪ್ರೈವೇಟ್ ಆದಮೇಲೆ ಫಾಲೋವರ್ಸ್ ಬಿಟ್ಟು ಬೇರೆಯವರು ಬರೆಯಲಾರರು. ಆದರೂ `Hidden words` ಪಟ್ಟಿ ಮಾಡಿಕೊಂಡೆ, ಅದರಲ್ಲಿರುವ ಪದ ಬಂದರೆ ಕಾಮೆಂಟನ್ನೂ ಮೆಸೇಜ್ ರಿಕ್ವೆಸ್ಟನ್ನೂ ಅದು ಮರೆಮಾಡುತ್ತದೆ. ಕನ್ನಡ ಬೈಗುಳವನ್ನು ಜನ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ರೀತಿ ಬರೆಯುತ್ತಾರೆ. ಒಂದೊಂದು ಸ್ಪೆಲ್ಲಿಂಗನ್ನೂ ಬೇರೆ ಬೇರೆಯಾಗಿ, ಕನ್ನಡ ಅಕ್ಷರದಲ್ಲಿ ಮತ್ತೊಂದು ಸಲ, ಹಾಕಬೇಕು. ಇಮೋಜಿಯನ್ನೂ ಹಾಕಬಹುದು. ಒಂದು ಪ್ರಯೋಗ ಕೂಡ ಮಾಡಿದೆ: ಕೆಲಸವಿಲ್ಲದವರ ಕಾಟ ತಪ್ಪಲಿ ಅಂತ `rate` ಅನ್ನುವ ಪದವನ್ನೇ ಪಟ್ಟಿಗೆ ಸೇರಿಸಿದೆ. ವಾರದ ಮೇಲೆ `Hidden requests` ತೆರೆದು ನೋಡಿದರೆ ಒಳ್ಳೊಳ್ಳೆ ಗಿರಾಕಿಗಳು ಅಲ್ಲಿ ಕೂತಿದ್ದರು, ಅದರಲ್ಲಿ ಐದು ಸೀರೆಯ ಒಂದು ನಿಶ್ಚಿತಾರ್ಥದ ಆರ್ಡರ್ ಕೂಡ. ಆ ಪದ ತೆಗೆದೆ. ಆ ಫೋಲ್ಡರನ್ನು ವಾರಕ್ಕೊಮ್ಮೆ ನೋಡುವ ಅಭ್ಯಾಸ ಮಾತ್ರ ಉಳಿಯಿತು.

ಇನ್ನು ಬ್ಲಾಕ್ ಮಾಡಲಾಗದ ಜನ. ಯಜಮಾನರ ಕಡೆಯ ಚಿಕ್ಕಪ್ಪ ಒಬ್ಬರು ಪ್ರತಿ ಪೋಸ್ಟಿಗೂ "ಇದಕ್ಕೆ ಎಷ್ಟು ಉಳಿಯುತ್ತಮ್ಮಾ?" ಅಂತ ಎಲ್ಲರ ಎದುರು ಕೇಳುತ್ತಿದ್ದರು. ಬ್ಲಾಕ್ ಮಾಡಿದರೆ ಮನೆಯಲ್ಲಿ ಪಂಚಾಯ್ತಿ. `Restrict` ಮಾಡಿದೆ. ಅವರು ಬರೆದದ್ದು ಅವರಿಗೆ ಕಾಣುತ್ತದೆ, ನಾನು ಒಪ್ಪದಿದ್ದರೆ ಬೇರೆಯವರಿಗೆ ಕಾಣದು. ಅವರ ಮೆಸೇಜ್ ರಿಕ್ವೆಸ್ಟ್‌ಗೆ ಹೋಗುತ್ತದೆ, ನಾನು ಓದಿದೆನೋ ಇಲ್ಲವೋ ಅವರಿಗೆ ತಿಳಿಯದು. ಒಂದು ನಾಮಕರಣದಲ್ಲಿ ಸಿಕ್ಕಾಗ "ನೀನು ಉತ್ತರವೇ ಕೊಡಲ್ಲ" ಅಂದರು. "ತುಂಬಾ ಕೆಲಸ ಮಾವ" ಅಂದೆ. ಇವತ್ತಿಗೂ ಅವರು ಕೇಳುತ್ತಲೇ ಇದ್ದಾರೆ.

ಫೇಸ್‌ಬುಕ್ಕಿನಲ್ಲಿ ನನಗೆ ವ್ಯಾಪಾರ ಕಡಿಮೆ, ಆದರೂ ಸೇರಿಸಿ ಹೇಳಿಬಿಡುತ್ತೇನೆ. ಭಾರತದಲ್ಲಿ 2020ರಿಂದ ಪ್ರೊಫೈಲ್ ಲಾಕ್ ಮಾಡುವ ಸೌಲಭ್ಯ ಇದೆ, ಅದನ್ನು ಹಾಕಿದೆ. ಹಳೆಯ ಪಬ್ಲಿಕ್ ಪೋಸ್ಟ್‌ಗಳಿಗೆ `Limit past posts` ಒತ್ತಿದರೆ ಎಲ್ಲವೂ ಒಂದೇ ಸಲಕ್ಕೆ ಫ್ರೆಂಡ್ಸ್‌ಗೆ ಸೀಮಿತವಾಗುತ್ತವೆ. ಆದರೆ ಮತ್ತೆ ಪಬ್ಲಿಕ್ ಬೇಕಾದರೆ ಒಂದೊಂದಾಗಿ ಬದಲಿಸಬೇಕು, ಯೋಚಿಸಿ ಒತ್ತಿ. ಲಾಕ್ ಆದ ಮೇಲೆ ಪಕ್ಕದ ಮನೆಯ ಹುಡುಗಿಯ ಫೋನಿಂದ ನನ್ನ ಹೆಸರು ಹುಡುಕಿಸಿ ನೋಡಿದೆ. ಇನ್‌ಸ್ಟಾಗ್ರಾಂಗೂ ಹಾಗೇ ಮಾಡಿದೆ. ನಿಮ್ಮನ್ನು ಫಾಲೋ ಮಾಡದವರ ಫೋನಲ್ಲಿ ನೋಡಿದರೇ ಏನು ಕಾಣುತ್ತದೆ ಅಂತ ನಿಜವಾಗಿ ಗೊತ್ತಾಗುವುದು.

ಈ ದಾರಿ ಎಲ್ಲರಿಗೂ ಹೊಂದದು. ರೆಡಿಮೇಡ್ ಕುರ್ತಿ, ಆಭರಣ ತರಿಸಿ ದೇಶಕ್ಕೆಲ್ಲ ಪಾರ್ಸೆಲ್ ಮಾಡುವವರಿಗೆ ಹೊಸ ಮುಖಗಳೇ ಬೇಕು, ಅವರು ಪಬ್ಲಿಕ್ ಆಗಿಯೇ ಇದ್ದು ಟ್ಯಾಗ್, ಮೆಸೇಜ್ ಮಾತ್ರ ಬಿಗಿ ಮಾಡಲಿ. ಪ್ರೈವೇಟ್ ಆದಮೇಲೆ ಹ್ಯಾಶ್‌ಟ್ಯಾಗ್ ಹಾಕಿ ಪ್ರಯೋಜನವಿಲ್ಲ, ರೀಲ್ಸ್ ಹೊರಗಿನವರಿಗೆ ಹೋಗುವುದೂ ಇಲ್ಲ. ನನ್ನ ಹಾಗೆ ಕೈಗೆಲಸಕ್ಕೆ ಮಿತಿ ಇರುವವರಿಗೆ ಇದು ಲೆಕ್ಕಕ್ಕೆ ಕೂರುತ್ತದೆ. ಈಗ ತಿಂಗಳಿಗೆ ನಲವತ್ತರ ಹತ್ತಿರ ಸೀರೆ, ರೇಟನ್ನೂ ನೂರು ಏರಿಸಿದ್ದೇನೆ, ಯಾರೂ ಗೊಣಗಿಲ್ಲ. ಹಬ್ಬಕ್ಕೆ ಎರಡು ವಾರ ಇರುವಾಗ ಫಾಲೋವರ್ಸ್‌ಗೂ ಮೆಸೇಜ್ ರಿಕ್ವೆಸ್ಟ್ ಬಂದ್ ಮಾಡಿ, ಫಾರ್ಮನ್ನೂ ನಿಲ್ಲಿಸುತ್ತೇನೆ. ಹಬ್ಬ ಕಳೆದ ಸೋಮವಾರ ಮತ್ತೆ ತೆರೆಯುತ್ತೇನೆ.